ಸಂದರ್ಶನಚಿತ್ರದ ಚೌಕಟ್ಟು: ಆನೇಕಲ್ಲಿನ ನೇಕಾರರ ದೃಶ್ಯದಾಖಲೆಗಳ ಒಂದು ವಿಮರ್ಶೆ

ಚರಿತ್ರೆಯನ್ನು ಬೋಧಿಸುವ ನಮಗೆ ಛಾಯಾಗ್ರಹಣದ ವಿಚಾರವೇಕೆ ಎಂದು ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಶಾಸನವನ್ನು ಓದುವವನು ಕಲ್ಲಿನ ಮೇಲ್ಮೈಯನ್ನೂ ಅಕ್ಷರದ ಆಳವನ್ನೂ ಪರೀಕ್ಷಿಸುತ್ತಾನೆ. ಕಡತವನ್ನು ಓದುವವನು ಕಾಗದವನ್ನೂ ಮಸಿಯನ್ನೂ ನೋಡುತ್ತಾನೆ. ಆದರೆ ಬಾಯಿಮಾತಿನ ಚರಿತ್ರೆಯನ್ನು ಕ್ಯಾಮರಾದಲ್ಲಿ ಸಂಗ್ರಹಿಸುವ ನಾವು ಆ ಚಿತ್ರದ ಚೌಕಟ್ಟನ್ನು ಮಾತ್ರ ಪರೀಕ್ಷೆಗೆ ಒಳಪಡಿಸುವುದಿಲ್ಲ. ಮಾತು ಕೇಳಿಸಿದರೆ ಸಾಕು, ಮುಖ ಹೇಗೆ ಕಂಡರೇನು ಎಂಬುದು ನಮ್ಮಲ್ಲಿ ಅನೇಕರ ಭಾವನೆ. ಈ ಭಾವನೆ ಎಷ್ಟರಮಟ್ಟಿಗೆ ತಪ್ಪೆಂಬುದನ್ನು ನಾವು ನಮ್ಮ ಸ್ವಂತ ಕೆಲಸದಿಂದಲೇ ಕಲಿಯಬೇಕಾಯಿತು.

ಆನೇಕಲ್ ರೇಷ್ಮೆ ನೇಯ್ಗೆಯ ಊರು. ಸುತ್ತಲೂ ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳ ಕೈಗಾರಿಕಾ ಪ್ರದೇಶಗಳು ಬೆಳೆದು ನಿಂತಿವೆ. ತಾಲ್ಲೂಕಿನ ಅಂಚಿನಲ್ಲಿ ಎಲೆಕ್ಟ್ರಾನಿಕ್ ಸಿಟಿಯಿದೆ. ಈ ಬದಲಾವಣೆಯ ನಡುವೆ ಕೈಮಗ್ಗದ ಕಾಲವನ್ನು ಕಂಡವರ ನೆನಪುಗಳನ್ನು ದಾಖಲಿಸಬೇಕೆಂದು ನಾವು ವಿದ್ಯಾರ್ಥಿಗಳೊಡನೆ ಕೆಲವು ಮನೆಗಳಿಗೆ ಹೋಗಿ ಸಂದರ್ಶನಗಳನ್ನು ಚಿತ್ರೀಕರಿಸಿದೆವು. ಆ ಚಿತ್ರಗಳನ್ನು ಮತ್ತೆ ನೋಡಿದಾಗ ಒಂದು ವಿಚಿತ್ರವು ಕಂಡುಬಂದಿತು. ಮಾತುಗಳು ಚೆನ್ನಾಗಿದ್ದವು; ಆದರೆ ಮಾತನಾಡುವವರು ತಮ್ಮ ಮನೆಯಲ್ಲಿಯೇ ಪರಕೀಯರಂತೆ ಕುಳಿತಿದ್ದರು. ಪ್ರಕೃತ ಲೇಖನದಲ್ಲಿ ಅವುಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಂಡು, ಆ ಪರಕೀಯತೆಗೆ ಕಾರಣವೇನು, ಅದು ಹೇಗೆ ನಿವಾರಣೆಯಾಯಿತು, ನಿವಾರಣೆಯಾದ ಮೇಲೂ ಉಳಿದ ದೋಷವಾವುದು ಎಂಬುದನ್ನು ವಿಚಾರಿಸುತ್ತೇವೆ.

1. ನಿಯಮವನ್ನು ಪಾಲಿಸಿದ ಚಿತ್ರದ ಸೋಲು

ಎಪ್ಪತ್ತು ದಾಟಿದ ಹಿರಿಯರೊಬ್ಬರು. ಮನೆಯ ನಡುಮನೆಯಲ್ಲಿ ಹಳೆಯ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಅದರ ಅಂಚಿನ ಹಲಗೆಯ ಮೇಲೆ ಅವರು ಕುಳಿತರು. ಅದು ಅವರು ಬಾಲ್ಯದಿಂದ ಕುಳಿತ ಜಾಗ. ನಮ್ಮ ವಿದ್ಯಾರ್ಥಿಗಳು ಎರಡು ಮೀಟರು ದೂರದಲ್ಲಿ ಕ್ಯಾಮರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಪರದೆಯ ಮೇಲೆ ಅಡ್ಡ ಎರಡು, ಉದ್ದ ಎರಡು ಗೆರೆಗಳನ್ನು ಮೂಡಿಸಿಕೊಂಡರು. ಚೌಕಟ್ಟನ್ನು ಒಂಬತ್ತು ಮನೆಗಳನ್ನಾಗಿ ಭಾಗಿಸುವ ಈ ಗೆರೆಗಳೇ ರೂಲ್ ಆಫ್ ಥರ್ಡ್ಸ್ ಎಂದು ಪ್ರಸಿದ್ಧವಾದ ನಿಯಮಕ್ಕೆ ಆಧಾರ. ನಾವು ಇದನ್ನು ತ್ರಿಭಾಗ ಸೂತ್ರವೆಂದು ಕರೆಯೋಣ. ಮುಖ್ಯವಾದುದು ಚೌಕಟ್ಟಿನ ನಡುವೆ ಇರದೆ ಈ ಗೆರೆಗಳ ಮೇಲೆ, ಅದರಲ್ಲಿಯೂ ಅವು ಸಂಧಿಸುವ ಬಿಂದುಗಳ ಬಳಿ, ಇರಬೇಕೆಂಬುದು ಇದರ ತಾತ್ಪರ್ಯ. ವಿದ್ಯಾರ್ಥಿಗಳು ಹಿರಿಯರ ಕಣ್ಣುಗಳನ್ನು ಎಡಗಡೆಯ ಮೇಲಣ ಬಿಂದುವಿನ ಬಳಿ ನಿಲ್ಲಿಸಿದರು. ಬಲಗಡೆಯ ಎರಡು ಪಾಲಿನಲ್ಲಿ ಮಗ್ಗ ಕಾಣುವಂತೆ ಮಾಡಿದರು. ಪಾಠದಲ್ಲಿ ಹೇಳಿದುದನ್ನು ಅಕ್ಷರಶಃ ಪಾಲಿಸಿದ್ದರು. ಆದರೂ ಚಿತ್ರ ಸೋತಿತು.

ಸೋತ ಬಗೆಯನ್ನು ಮೂರಾಗಿ ವಿಂಗಡಿಸಬಹುದು. ಮೊದಲನೆಯದಾಗಿ, ಸಂದರ್ಶಕನು ಕ್ಯಾಮರಾದ ಎಡಕ್ಕೆ ಒಂದು ಮೀಟರು ಆಚೆ, ಕುರ್ಚಿಯ ಮೇಲೆ ಕುಳಿತಿದ್ದನು. ಹಿರಿಯರು ಸಹಜವಾಗಿಯೇ ಅವನತ್ತ ತಿರುಗಿ ಮಾತನಾಡಿದರು. ಹಾಗಾಗಿ ಎಡಪಾಲಿನಲ್ಲಿದ್ದ ಮುಖವು ಎಡ ಅಂಚನ್ನೇ ನೋಡುವಂತಾಗಿ, ಮೂಗಿನ ಮುಂದೆ ಸ್ಥಳವಿಲ್ಲದೆ, ಬೆನ್ನ ಹಿಂದೆ ಬಯಲು ಉಳಿಯಿತು. ಎರಡನೆಯದಾಗಿ, ತಲೆಯ ಮೇಲಣ ತೆರವು ಅತಿಯಾಗಿ, ಅವರು ಚೌಕಟ್ಟಿನೊಳಗೆ ಕುಸಿದು ಕುಳಿತಂತೆ ತೋರಿತು. ಮೂರನೆಯದಾಗಿ, ನಿಂತವನ ಎದೆಯೆತ್ತರದಲ್ಲಿದ್ದ ಕ್ಯಾಮರಾ ನೆಲಮಟ್ಟದಲ್ಲಿ ಕುಳಿತವರನ್ನು ಮೇಲಿನಿಂದ ನೋಡಿತು. ಹಣೆ ದೊಡ್ಡದಾಗಿ, ಗದ್ದ ಕಿರಿದಾಗಿ, ಹಿನ್ನೆಲೆಯಲ್ಲಿ ಗೋಡೆಯ ಬದಲು ನೆಲವೇ ಕಂಡಿತು. ಒಟ್ಟಿನಲ್ಲಿ, ಕಸುಬನ್ನು ಕುರಿತು ಅಧಿಕಾರದಿಂದ ಮಾತನಾಡುತ್ತಿದ್ದವರು ವಿಚಾರಣೆಗೆ ಗುರಿಯಾದವರಂತೆ ಕಂಡರು.

2. ತ್ರಿಭಾಗ ಸೂತ್ರದ ಮೂಲ ಮತ್ತು ಮಿತಿ

ಸೂತ್ರವನ್ನು ಪಾಲಿಸಿಯೂ ಚಿತ್ರವು ಸೋತುದರಿಂದ, ಸೂತ್ರದ ಹುಟ್ಟನ್ನೇ ಸ್ವಲ್ಪ ವಿಚಾರಿಸುವುದು ಉಚಿತ. ಈ ಹೆಸರನ್ನು ಬಳಕೆಗೆ ತಂದವನು ಇಂಗ್ಲೆಂಡಿನ ಚಿತ್ರಕಾರ ಜಾನ್ ಥಾಮಸ್ ಸ್ಮಿತ್. 1797ರಲ್ಲಿ ಗ್ರಾಮೀಣ ದೃಶ್ಯಗಳನ್ನು ಕುರಿತು ಅವನು ಪ್ರಕಟಿಸಿದ ಗ್ರಂಥದಲ್ಲಿ ಇದು ಕಾಣಬರುತ್ತದೆ. ಅಲ್ಲಿ ಅವನ ಮುಂದಿದ್ದ ಸಮಸ್ಯೆ ಮನುಷ್ಯನ ಮುಖವಲ್ಲ. ಆಕಾಶಕ್ಕೆಷ್ಟು, ನೆಲಕ್ಕೆಷ್ಟು ಎಂಬ ಪಾಲು. ಚಿತ್ರವನ್ನು ಸರಿಸಮನಾಗಿ ಎರಡು ಮಾಡುವುದಕ್ಕಿಂತ ಒಂದಕ್ಕೆರಡರಂತೆ ಹಂಚುವುದು ಲೇಸೆಂದು ಅವನು ಪ್ರತಿಪಾದಿಸಿದನು. ಬೆಟ್ಟಕ್ಕೂ ಬಯಲಿಗೂ ನೋಟವಿಲ್ಲ. ಅವು ಯಾರನ್ನೂ ನೋಡುವುದಿಲ್ಲ. ಮುಖಕ್ಕಾದರೋ ನೋಟವಿದೆ, ನೋಟಕ್ಕೆ ದಿಕ್ಕಿದೆ. ಭೂದೃಶ್ಯಕ್ಕಾಗಿ ಹುಟ್ಟಿದ ಸೂತ್ರವು ಸಂದರ್ಶನದಲ್ಲಿ ಎಡವುವುದು ಈ ದಿಕ್ಕಿನ ಪ್ರಶ್ನೆಯಲ್ಲಿಯೇ. ಮುಖವನ್ನು ಯಾವುದಾದರೊಂದು ಪಾಲಿನಲ್ಲಿಡು ಎಂದು ಅದು ಹೇಳುತ್ತದೆ. ಯಾವ ಪಾಲಿನಲ್ಲಿ ಎಂಬುದನ್ನು ಹೇಳುವುದಿಲ್ಲ. ಅದನ್ನು ಹೇಳಬೇಕಾದುದು ಕಣ್ಣಿನ ನೇರ. ಬಲಕ್ಕೆ ನೋಡುವವರು ಎಡಪಾಲಿನಲ್ಲಿರಬೇಕು, ಎಡಕ್ಕೆ ನೋಡುವವರು ಬಲಪಾಲಿನಲ್ಲಿರಬೇಕು. ಅಂದರೆ ಹೆಚ್ಚಿನ ತೆರವು ನೋಟದ ಮುಂದೆ ಇರಬೇಕೇ ಹೊರತು ತಲೆಯ ಹಿಂದಲ್ಲ.

ಇನ್ನು ತಲೆಯ ಮೇಲಣ ತೆರವು, ಅಂದರೆ ಛಾಯಾಗ್ರಾಹಕರು ಹೆಡ್‌ರೂಮ್ ಎಂದು ಕರೆಯುವುದು. ಕಣ್ಣುಗಳು ಮೇಲಣ ಅಡ್ಡಗೆರೆಯ ಮೇಲಿರಲಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಇದು ಎಲ್ಲ ಅಳತೆಯ ಚಿತ್ರಗಳಿಗೂ ಸಲ್ಲುವುದಿಲ್ಲ ಎಂಬುದನ್ನು ಸುಲಭವಾದ ಲೆಕ್ಕದಿಂದ ತೋರಿಸಬಹುದು. ಈಗ ಬಳಕೆಯಲ್ಲಿರುವ ಅಗಲ ಚೌಕಟ್ಟಿನ ಎತ್ತರವು 1080 ಬಿಂದುಗಳು ಎಂದಿಟ್ಟುಕೊಳ್ಳೋಣ. ಮೇಲಣ ಗೆರೆ ತುದಿಯಿಂದ 360 ಬಿಂದುಗಳ ಕೆಳಗೆ ಬರುತ್ತದೆ. ಮನುಷ್ಯನ ಕಣ್ಣು ನೆತ್ತಿಗೂ ಗದ್ದಕ್ಕೂ ಸರಿಸುಮಾರು ಮಧ್ಯದಲ್ಲಿದೆ. ತಲೆಯ ಎತ್ತರ 432 ಬಿಂದುಗಳಾಗುವಷ್ಟು ಹತ್ತಿರದ ಚಿತ್ರವಾದರೆ, ಕಣ್ಣಿನಿಂದ ನೆತ್ತಿಗೆ 216. ಉಳಿಯುವ ತೆರವು 144, ಎಂದರೆ ಎತ್ತರದ ಏಳನೆಯ ಒಂದು ಪಾಲಿಗೂ ಸ್ವಲ್ಪ ಕಡಮೆ. ಇದು ಕಣ್ಣಿಗೆ ಹಿತವಾದ ಅಳತೆ. ಸೊಂಟದವರೆಗೆ ಕಾಣಿಸುವ ಚಿತ್ರದಲ್ಲಿ ತಲೆ 270 ಬಿಂದುಗಳಿಗೆ ಇಳಿದರೆ, ಅದೇ ಗೆರೆಯ ಮೇಲೆ ಕಣ್ಣನ್ನಿಟ್ಟಾಗ ತೆರವು 225ಕ್ಕೆ ಏರುತ್ತದೆ. ಐದನೆಯ ಒಂದು ಪಾಲನ್ನೂ ಮೀರುತ್ತದೆ. ನಮ್ಮ ಹಿರಿಯರು ಕುಸಿದಂತೆ ತೋರಿದುದು ಈ ಕಾರಣದಿಂದಲೇ. ಅದಕ್ಕೆ ವ್ಯತಿರಿಕ್ತವಾಗಿ, ತಲೆಯೊಂದೇ 720 ಬಿಂದುಗಳಷ್ಟಾದರೆ ತೆರವು ಪೂರ್ತಿ ಅಳಿದು ನೆತ್ತಿ ಚೌಕಟ್ಟಿಗೆ ತಾಗುತ್ತದೆ. ಅದಕ್ಕಿಂತಲೂ ಹತ್ತಿರ ಹೋದರೆ ನೆತ್ತಿ ಕತ್ತರಿಸಿಹೋಗುತ್ತದೆ. ನೆತ್ತಿ ಕತ್ತರಿಸಿದ ಮುಖವನ್ನು ಪ್ರೇಕ್ಷಕರು ಸಹಿಸುತ್ತಾರೆ. ಗದ್ದ ಕತ್ತರಿಸಿದುದನ್ನು ಮಾತ್ರ ಸಹಿಸುವುದಿಲ್ಲ, ಏಕೆಂದರೆ ಮಾತು ಹೊರಡುವುದು ಅಲ್ಲಿಂದ.

ಆದುದರಿಂದ ಕಣ್ಣು ಗೆರೆಯ ಮೇಲಿರಲೆಂಬ ಮಾತು ಎದೆಯಿಂದ ಮೇಲಣ ಚಿತ್ರಕ್ಕೆ ಸರಿಯಾಗಿ ಹೊಂದುತ್ತದೆ. ಸೊಂಟದವರೆಗಿನ ಚಿತ್ರದಲ್ಲಿ ಕಣ್ಣನ್ನು ಗೆರೆಗಿಂತ ಮೇಲಕ್ಕೆ, ಸುಮಾರು ಕಾಲುಭಾಗದ ಮಟ್ಟಕ್ಕೆ, ಏರಿಸಬೇಕು. ಆಗ ತೆರವು ಎಂಟನೆಯ ಒಂದು ಪಾಲಿಗೆ ಬಂದು ನಿಲ್ಲುತ್ತದೆ. ನಮ್ಮ ಕಡೆಯ ಹಿರಿಯರ ವಿಷಯದಲ್ಲಿ ಇನ್ನೊಂದು ತೊಡಕುಂಟು, ಅದು ತಲೆಗೆ ಸುತ್ತಿದ ರುಮಾಲು. ರುಮಾಲಿನ ತುದಿಯಿಂದ ತೆರವನ್ನು ಅಳೆದು ಕ್ಯಾಮರಾವನ್ನು ಮೇಲಕ್ಕೆತ್ತಿದರೆ ಕಣ್ಣುಗಳು ಚೌಕಟ್ಟಿನ ನಡುಮಟ್ಟಕ್ಕೆ ಜಾರುತ್ತವೆ. ನೆತ್ತಿಯಿಂದ ಅಳೆದರೆ ರುಮಾಲು ಕತ್ತರಿಸಿಹೋಗುತ್ತದೆ. ಇಂತಹ ಸಂದರ್ಭದಲ್ಲಿ ಕಣ್ಣಿನ ಮಟ್ಟವನ್ನು ಅಲುಗಿಸದೆ, ಚಿತ್ರವನ್ನೇ ಒಂದಿಷ್ಟು ಸಡಿಲಿಸಿ, ಮುಖ ತುಸು ಚಿಕ್ಕದಾದರೂ ರುಮಾಲಿಗೆ ಎಡೆ ಮಾಡಿಕೊಡುವುದೇ ಮೇಲು.

3. ಕಣ್ಣಿನ ನೇರ

ಮೂರು ವಿಷಯಗಳಲ್ಲಿ ಕಣ್ಣಿನ ನೇರಕ್ಕೆ ನಾವು ಮೊದಲನೆಯ ಸ್ಥಾನವನ್ನು ಕೊಡುತ್ತೇವೆ. ಇದರಲ್ಲಿ ಎತ್ತರ, ಓರೆ ಎಂಬ ಎರಡು ಅಂಶಗಳಿವೆ.

ಎತ್ತರದ ಲೆಕ್ಕ ಹೀಗೆ. ನಮ್ಮ ಕ್ಯಾಮರಾದ ಮಸೂರವು ನೆಲದಿಂದ 130 ಸೆಂಟಿಮೀಟರು ಮೇಲಿತ್ತು. ಕುಣಿಯ ಅಂಚಿನಲ್ಲಿ ಕುಳಿತ ಹಿರಿಯರ ಕಣ್ಣು ಸುಮಾರು 75 ಸೆಂಟಿಮೀಟರು. ಎರಡು ಮೀಟರಿನ ದೂರಕ್ಕೆ 55 ಸೆಂಟಿಮೀಟರಿನ ಈ ವ್ಯತ್ಯಾಸವು ಸುಮಾರು 15 ಡಿಗ್ರಿಗಳ ಇಳಿನೋಟವಾಗುತ್ತದೆ. ಅಂಕೆಯಲ್ಲಿ ಅಲ್ಪವೆಂದು ತೋರಿದರೂ ಮುಖದ ಮೇಲೆ ಇದರ ಪರಿಣಾಮ ಅಲ್ಪವಲ್ಲ. ಕುರ್ಚಿಯ ಮೇಲಿದ್ದ ಸಂದರ್ಶಕನನ್ನು ನೋಡಲು ಅವರು ಕಣ್ಣುಗಳನ್ನು ಮೇಲೆತ್ತಬೇಕಾಗಿತ್ತು. ಮೇಲೆತ್ತಿದ ಆ ಕಣ್ಣುಗಳು ಯಾಚಿಸುವಂತೆ ಕಂಡವು. ಕುರ್ಚಿಯ ಮೇಲಿನವನು ಕೇಳುವುದು, ನೆಲದ ಮೇಲಿನವನು ಹೇಳುವುದು ನಮ್ಮ ಸಮಾಜದಲ್ಲಿ ಬಹುಕಾಲ ನಡೆದುಬಂದ ಏರ್ಪಾಟು. ಅರಿಯದೆಯೇ ಅದನ್ನು ನಾವು ಚಿತ್ರದಲ್ಲಿ ಮತ್ತೆ ಸ್ಥಾಪಿಸಿದ್ದೆವು.

ಓರೆಯ ಲೆಕ್ಕವೂ ಹೀಗೆಯೇ. ಎರಡು ಮೀಟರಿನ ದೂರದಲ್ಲಿ ಸಂದರ್ಶಕನು ಮಸೂರದಿಂದ ಒಂದು ಮೀಟರು ಪಕ್ಕಕ್ಕೆ ಕುಳಿತರೆ ನೋಟವು ಸುಮಾರು 27 ಡಿಗ್ರಿ ಓರೆಯಾಗುತ್ತದೆ. ಆಚೆಯ ಕಣ್ಣು ಮೂಗಿನ ಮರೆಗೆ ಸರಿಯತೊಡಗುತ್ತದೆ, ಕಿವಿ ಮುಂದಕ್ಕೆ ಬರುತ್ತದೆ, ಪ್ರೇಕ್ಷಕನು ಆ ಮಾತಿಗೆ ಹೊರಗಿನವನಾಗುತ್ತಾನೆ. ಸಂದರ್ಶಕನ ಮುಖವನ್ನು ಮಸೂರಕ್ಕೆ 30 ಸೆಂಟಿಮೀಟರಿನಷ್ಟು ಸಮೀಪಕ್ಕೆ ತಂದರೆ ಓರೆ 8 ಡಿಗ್ರಿಗಳಷ್ಟಕ್ಕೆ ಇಳಿಯುತ್ತದೆ. ಎರಡು ಕಣ್ಣುಗಳೂ ಪೂರ್ಣವಾಗಿ ಕಾಣುತ್ತವೆ. ಆದರೂ ಅವರು ಯಂತ್ರವನ್ನಲ್ಲದೆ ಮನುಷ್ಯನನ್ನು ನೋಡಿ ಮಾತನಾಡುತ್ತಿದ್ದಾರೆಂಬುದು ಸ್ಪಷ್ಟವಾಗಿರುತ್ತದೆ.

ಹಾಗಾದರೆ ಮಸೂರವನ್ನೇ ನೇರವಾಗಿ ನೋಡಿ ಮಾತನಾಡಿಸಬಾರದೇ ಎಂಬ ಆಕ್ಷೇಪಣೆ ಬರಬಹುದು. 1935ರಲ್ಲಿ ಆರ್ಥರ್ ಎಲ್ಟನ್ ಮತ್ತು ಎಡ್ಗರ್ ಆನ್‌ಸ್ಟೆ ಎಂಬವರು ತಯಾರಿಸಿದ ಹೌಸಿಂಗ್ ಪ್ರಾಬ್ಲಮ್ಸ್ ಎಂಬ ಸಾಕ್ಷ್ಯಚಿತ್ರದಲ್ಲಿ ಲಂಡನ್ನಿನ ಕೊಳೆಗೇರಿಯ ನಿವಾಸಿಗಳು ತಮ್ಮ ಮನೆಗಳಲ್ಲಿಯೇ ನಿಂತು ಕ್ಯಾಮರಾವನ್ನು ನೋಡಿ ಮಾತನಾಡುತ್ತಾರೆ. ಅಲ್ಲಿ ಆ ನೋಟವು ಸಾರ್ಥಕ, ಏಕೆಂದರೆ ಅದು ಸಂಭಾಷಣೆಯಲ್ಲ, ನಾಡಿನ ಮುಂದಿಟ್ಟ ಅಹವಾಲು. ಮುಂದೆ ಅಮೆರಿಕದ ಎರ‍್ರಲ್ ಮಾರಿಸ್ ಎಂಬ ನಿರ್ದೇಶಕನು ಮಸೂರದ ಮುಂದಿನ ಗಾಜಿನಲ್ಲಿ ತನ್ನ ಮುಖವು ಮೂಡುವಂತೆ ಏರ್ಪಡಿಸಿದನು. ಎದುರಿನವರು ಅವನ ಮುಖವನ್ನು ನೋಡುತ್ತಲೇ ಮಸೂರವನ್ನೂ ನೋಡುವಂತಾಯಿತು. ಅವನು ಇಷ್ಟು ಶ್ರಮಪಡಬೇಕಾದುದೇ ಒಂದು ವಿಷಯವನ್ನು ಸಾರುತ್ತದೆ: ಬರಿಯ ಗಾಜನ್ನು ನೋಡಿ ನೆನಪನ್ನು ಹೇಳುವುದು ಮನುಷ್ಯನಿಗೆ ಸಹಜವಲ್ಲ, ಅವನಿಗೆ ಕೇಳುವ ಮುಖ ಬೇಕು. ಅಂತಹ ಉಪಕರಣವಿಲ್ಲದ ನಾವು ಕೇಳುವ ಮುಖವನ್ನು ಮಸೂರದ ಪಕ್ಕಕ್ಕೆ ತರುವುದೇ ಯುಕ್ತ.

4. ಎರಡನೆಯ ಚಿತ್ರೀಕರಣ

ಹಿರಿಯರ ಅನುಮತಿಯನ್ನು ಪಡೆದು ನಾವು ಅದೇ ಸಂದರ್ಶನವನ್ನು ಮತ್ತೊಮ್ಮೆ ಚಿತ್ರಿಸಿದೆವು. ಈ ಸಲ ಗೆರೆಗಳಿಂದ ಆರಂಭಿಸಲಿಲ್ಲ. ಅವರು ಎಲ್ಲಿ ಕುಳಿತುಕೊಳ್ಳುತ್ತಾರೆ, ಯಾರನ್ನು ನೋಡುತ್ತಾರೆ ಎಂಬುದರಿಂದ ಆರಂಭಿಸಿದೆವು. ಅವರನ್ನು ಹಲಗೆಯಿಂದ ಎಬ್ಬಿಸಲಿಲ್ಲ. ಮುಕ್ಕಾಲಿಯ ಕಾಲುಗಳನ್ನು ಮಡಿಸಿ ಮಸೂರವನ್ನು 75 ಸೆಂಟಿಮೀಟರಿಗೆ ಇಳಿಸಿದೆವು. ಮೊದಲ ಸಲ ಸಂದರ್ಶಕನು ಎಡಕ್ಕೆ ಕುಳಿತುದು ಬಲಗಡೆ ಕುಣಿಯ ಅಂಚಿನಲ್ಲಿ ಕುರ್ಚಿಗೆ ಸ್ಥಳವಿಲ್ಲವೆಂಬ ಕಾರಣದಿಂದ. ಕುರ್ಚಿಯನ್ನು ಬಿಟ್ಟು ಚಾಪೆ ಹಾಸಿದಾಗ ಅಲ್ಲಿಯೇ ಒಬ್ಬನು ಕುಳಿತುಕೊಳ್ಳುವಷ್ಟು ಎಡೆ ದೊರೆಯಿತು. ಹೀಗೆ ಮಸೂರದ ಬಲಕ್ಕೆ, ಮುಕ್ಕಾಲಿಗೆ ಭುಜ ತಾಗುವಂತೆ, ಹಿರಿಯರ ಕಣ್ಣಿನ ಮಟ್ಟದಲ್ಲಿಯೇ ಸಂದರ್ಶಕನ ಕಣ್ಣೂ ಬಂದಿತು. ಎತ್ತರದ ದೋಷವನ್ನು ತಿದ್ದಿದುದರಿಂದ ದಿಕ್ಕಿನ ದೋಷವೂ ತಾನಾಗಿಯೇ ತಿದ್ದಿಕೊಂಡಿತೆಂಬುದು ಗಮನಿಸತಕ್ಕ ಅಂಶ.

ಅನಂತರವೇ ಗೆರೆಗಳನ್ನು ನೋಡಿದೆವು. ಹಿರಿಯರು ಎಡಪಾಲಿನಲ್ಲಿಯೇ ಉಳಿದರು. ಆದರೆ ಈಗ ಅವರ ನೋಟವು ಬಲಕ್ಕೆ, ಮಗ್ಗವಿದ್ದ ಎಡೆಯ ಕಡೆಗೆ ಹರಿಯಿತು. ಎದೆಯಿಂದ ಮೇಲಣ ಚಿತ್ರವಾದುದರಿಂದ ಕಣ್ಣು ಗೆರೆಯ ಮೇಲೆ ಬಂದಾಗ ತಲೆಯ ಮೇಲಣ ತೆರವೂ ಹದವಾಗಿತ್ತು. ಒಂದು ತೊಡಕು ಮಾತ್ರ ಉಳಿಯಿತು: ಕ್ಯಾಮರಾ ಕೆಳಗಿಳಿದುದರಿಂದ ಮಗ್ಗದ ಕಂಬವೊಂದು ಅವರ ನೆತ್ತಿಯಿಂದ ಮೊಳೆತಂತೆ ಕಂಡಿತು. ಮುಕ್ಕಾಲಿಯನ್ನೂ ಸಂದರ್ಶಕನನ್ನೂ ಒಟ್ಟಿಗೆ ಒಂದು ಗೇಣು ಸರಿಸಿದಾಗ ಕಂಬವು ಬದಿಗೆ ಸರಿಯಿತು. ಕ್ಯಾಮರಾವನ್ನೊಂದೇ ಸರಿಸಿದ್ದರೆ ಕಣ್ಣಿನ ನೇರವು ಮತ್ತೆ ಕೆಡುತ್ತಿತ್ತು. ಇವೆರಡೂ ಒಂದೇ ಅಂಗದ ಭಾಗಗಳೆಂದು ಭಾವಿಸಬೇಕು.

ಎರಡು ಚಿತ್ರಗಳನ್ನೂ ಶಬ್ದವಿಲ್ಲದೆ ತರಗತಿಯಲ್ಲಿ ತೋರಿಸಿದೆವು. ಸರಿತಪ್ಪುಗಳನ್ನು ತಿಳಿಯಲು ಇದೇ ಒಳ್ಳೆಯ ಪರೀಕ್ಷೆ: ಮಾತು ಕೇಳಿಸದಿದ್ದಾಗ ಪ್ರೇಕ್ಷಕನ ಕಣ್ಣು ಮುಖದಲ್ಲಿಯೇ ನಿಲ್ಲುತ್ತದೆಯೋ ಚೌಕಟ್ಟಿನ ಖಾಲಿ ಜಾಗದಲ್ಲಿ ಅಲೆಯುತ್ತದೆಯೋ ಎಂಬುದನ್ನು ನೋಡಬೇಕು. ಮೊದಲನೆಯದನ್ನು ನೋಡಿ ವಿದ್ಯಾರ್ಥಿಯೊಬ್ಬಳು, ತಾತನವರನ್ನು ಯಾರೋ ಗದರಿಸುತ್ತಿರುವಂತಿದೆ ಎಂದಳು. ಎರಡನೆಯದರಲ್ಲಿ ಅವರು ಪಾಠ ಹೇಳುತ್ತಿರುವಂತಿದೆ ಎಂದಳು. ವ್ಯಕ್ತಿ ಒಬ್ಬರೇ, ಜಾಗವೂ ಒಂದೇ. ಬದಲಾದುದು ಕ್ಯಾಮರಾದ ಎತ್ತರ ಮತ್ತು ಕೇಳುವವನ ಸ್ಥಾನ.

5. ಸಹಜವಾಗಿ ಕಾಣುವುದರ ಅಪಾಯ

ಇಷ್ಟಕ್ಕೆ ಲೇಖನವನ್ನು ಮುಗಿಸಿದ್ದರೆ ನಮಗೂ ಸಮಾಧಾನವಾಗುತ್ತಿತ್ತು. ಆದರೆ ಎರಡು ಚಿತ್ರಗಳನ್ನು ಹೋಲಿಸುವಾಗ ಇನ್ನೊಂದು ವಿಷಯವು ಹೊರಬಿದ್ದಿತು. ಮೊದಲನೆಯ ಸಂದರ್ಶನದಲ್ಲಿ, “ತಾತ, ನೂಲಿನ ಸಾಲ ಎಷ್ಟಿತ್ತು?” ಎಂದು ಕೇಳಿದಾಗ ಹಿರಿಯರು ಕ್ಷಣಕಾಲ ಸಂದರ್ಶಕನನ್ನು ಬಿಟ್ಟು ಚೌಕಟ್ಟಿನ ಬಲ ಅಂಚಿನಾಚೆಗೆ ನೋಡಿ, “ಅಂಥದ್ದೇನೂ ಇರಲಿಲ್ಲ ಬಿಡಪ್ಪ” ಎಂದಿದ್ದರು. ಎರಡನೆಯ ಸಂದರ್ಶನದಲ್ಲಿ ಅದೇ ಪ್ರಶ್ನೆಗೆ, ಕಣ್ಣನ್ನು ಅತ್ತಿತ್ತ ಕದಲಿಸದೆ, ಸಾಲ ತೀರುವ ಮುನ್ನವೇ ಮುಂದಿನ ನೂಲು ಬರುತ್ತಿದ್ದ ಬಗೆಯನ್ನೂ ಸೀರೆಯ ಬೆಲೆಯಲ್ಲಿ ಅದನ್ನು ಮುರಿದುಕೊಳ್ಳುತ್ತಿದ್ದ ಬಗೆಯನ್ನೂ ವಿವರವಾಗಿ ಹೇಳಿದರು. ಈ ಭೇದಕ್ಕೆ ಕಾರಣವೇನೆಂದು ವಿದ್ಯಾರ್ಥಿಗಳನ್ನು ವಿಚಾರಿಸಿದಾಗ, ಮೊದಲ ದಿನ ನೂಲು ಕೊಟ್ಟು ಸೀರೆ ಕೊಳ್ಳುವ ಸಾಹುಕಾರರ ಕಡೆಯವರೊಬ್ಬರು ಬಾಗಿಲಲ್ಲಿ ನಿಂತಿದ್ದರೆಂಬುದು ತಿಳಿಯಿತು. ಚಿತ್ರದಲ್ಲಿ ಅವರಿಲ್ಲ. ನಮ್ಮ ಬರವಣಿಗೆಯ ಪ್ರತಿಯಲ್ಲಿಯೂ ಅವರ ಸುಳಿವಿಲ್ಲ. ಅವರಿದ್ದುದಕ್ಕೆ ಉಳಿದ ಏಕೈಕ ಸಾಕ್ಷಿಯೆಂದರೆ, ಕೆಟ್ಟ ಚಿತ್ರವೆಂದು ನಾವು ತಳ್ಳಿಹಾಕಿದ ಆ ಚಿತ್ರದಲ್ಲಿ ಕದಲಿದ ಒಂದು ನೋಟ.

ಇಲ್ಲಿ ನಾವು ತುಸು ತಡೆದು ವಿಚಾರಿಸಬೇಕು. ಸಂಕಲನದ ಮೇಜಿನಲ್ಲಿ ನಾವು ಮೊದಲು ಕತ್ತರಿಸುವುದು ಇಂತಹ ನೋಟಗಳನ್ನೇ. ಅವು ಚಿತ್ರದ ಸಹಜತೆಯನ್ನು ಕೆಡಿಸುತ್ತವೆಂದು ನಮಗೆ ತೋರುತ್ತದೆ. ಸಹಜವಾಗಿ ಕಾಣುವ ಚೌಕಟ್ಟೆಂದರೆ ಮನೆಯಲ್ಲಿ ಇಬ್ಬರೇ ಇದ್ದಾರೆಂದು ನಂಬಿಸುವ ಚೌಕಟ್ಟು. ಆನೇಕಲ್ಲಿನ ಮನೆಗಳಲ್ಲಿ ಇಬ್ಬರೇ ಇರುವುದು ಅಪರೂಪ. ಮಗನಿರುತ್ತಾನೆ, ಸೊಸೆಯಿರುತ್ತಾಳೆ, ನೆರೆಯವರು ಬಂದು ನಿಲ್ಲುತ್ತಾರೆ. ಹೇಳುವವರ ಮಾತು ಅವರೆಲ್ಲರ ಕಿವಿಗೂ ಬೀಳುತ್ತಿದೆಯೆಂಬ ಅರಿವಿನಿಂದ ರೂಪುಗೊಂಡಿರುತ್ತದೆ. ಚೌಕಟ್ಟು ಎಷ್ಟು ಅಚ್ಚುಕಟ್ಟಾದರೆ ಈ ಸಂಗತಿ ಅಷ್ಟು ಮರೆಯಾಗುತ್ತದೆ. ಚೌಕಟ್ಟನ್ನು ಕೆಡಿಸುವುದು ಇದಕ್ಕೆ ಪರಿಹಾರವಲ್ಲ. ಕುಸಿದ, ಗದರಿಸಿಕೊಂಡಂತಹ ಮುಖವು ಹೆಚ್ಚು ಸತ್ಯವೇನೂ ಅಲ್ಲ; ಅದೂ ಮುಕ್ಕಾಲಿಯ ಎತ್ತರವು ನಿರ್ಮಿಸಿದ ಮಿಥ್ಯೆಯೇ.

ಆದುದರಿಂದ ನಾವೀಗ ಎರಡು ಕಟ್ಟಳೆಗಳನ್ನು ಅನುಸರಿಸುತ್ತಿದ್ದೇವೆ. ಸಂದರ್ಶನದ ಮೊದಲ ಒಂದು ನಿಮಿಷ ಕೋಣೆಯನ್ನೆಲ್ಲ ಒಳಗೊಳ್ಳುವ ದೂರದ ಚಿತ್ರವನ್ನು ತೆಗೆದು, ಅನಂತರ ಕಣ್ಣಿನ ನೇರ, ತಲೆಯ ಮೇಲಣ ತೆರವು, ತ್ರಿಭಾಗ ಎಂಬ ಕ್ರಮದಲ್ಲಿ ಹತ್ತಿರದ ಚೌಕಟ್ಟನ್ನು ಹೊಂದಿಸುತ್ತೇವೆ. ಜೊತೆಗೆ, ಯಾರು ಎಲ್ಲಿ ಕುಳಿತಿದ್ದರು, ಕ್ಯಾಮರಾ ಎಲ್ಲಿತ್ತು, ನಡುವೆ ಯಾರು ಬಂದರು, ಯಾರು ಹೋದರು ಎಂಬುದನ್ನು ಗಳಿಗೆಯೊಡನೆ ಪುಸ್ತಕದಲ್ಲಿ ಒಂದು ನಕ್ಷೆಯಾಗಿ ಬರೆದಿಡುತ್ತೇವೆ. ನೋಟವು ಚೌಕಟ್ಟಿನಾಚೆಗೆ ಕದಲಿದಾಗ ಅದು ಯಾರ ಕಡೆಗೆಂದು ಆ ನಕ್ಷೆ ಹೇಳುತ್ತದೆ. ಮೊದಲ ಚಿತ್ರವನ್ನು ನಾವು ಅಳಿಸಲಿಲ್ಲ. ಎರಡನೆಯದರ ಜೊತೆಯಲ್ಲಿಯೇ, ಬಾಗಿಲಲ್ಲಿ ಒಬ್ಬರಿದ್ದರೆಂಬ ಟಿಪ್ಪಣಿಯೊಡನೆ ಅದನ್ನು ಇರಿಸಿದ್ದೇವೆ. ಸಾಲದ ವಿಷಯದಲ್ಲಿ ಆ ಹಿರಿಯರು ಕೊಟ್ಟ ಎರಡು ಉತ್ತರಗಳನ್ನೂ ಮುಂದಿನ ಸಂಶೋಧಕನು ಒಟ್ಟಿಗೆ ಓದಬೇಕೆಂಬುದೇ ನಮ್ಮ ಅಪೇಕ್ಷೆ.